ಪ್ರವೇಶ ಪರೀಕ್ಷೆಗೆ ಅನುಕಲನ: ಗಡಿ ತಾಲ್ಲೂಕಿನ ವಿದ್ಯಾರ್ಥಿಗೆ ಮೂವತ್ತು ದಿನಗಳ ಪುನರಾವರ್ತನೆ ಕ್ರಮ

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯ ಗಣಿತ ಪತ್ರಿಕೆಯಲ್ಲಿ 60 ಪ್ರಶ್ನೆಗಳಿದ್ದು, ಅವಧಿ 80 ನಿಮಿಷ. ಒಂದು ಪ್ರಶ್ನೆಗೆ 80 ಸೆಕೆಂಡು ಸಿಗುತ್ತದೆ. ಕಾಗವಾಡದ ವಿದ್ಯಾರ್ಥಿಗೆ ಮೀರಜ್, ಸಾಂಗ್ಲಿ ಕೈಯಳತೆಯ ಊರುಗಳು. ಹಾಗಾಗಿ ಮಹಾರಾಷ್ಟ್ರದ ಸಿಇಟಿಯತ್ತಲೂ ಅವನ ಕಣ್ಣಿರುವುದು ಸಹಜ. ಅಲ್ಲಿ ಗಣಿತಕ್ಕೆ 90 ನಿಮಿಷದಲ್ಲಿ 50 ಪ್ರಶ್ನೆ, ಅಂದರೆ ಒಂದಕ್ಕೆ 108 ಸೆಕೆಂಡು. ಎರಡೂ ಕಡೆ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಇಕ್ಕಟ್ಟು ಹೆಚ್ಚಿರುವುದು ಕರ್ನಾಟಕದ ಪತ್ರಿಕೆಯಲ್ಲಿ. ಆದ್ದರಿಂದ ಪುನರಾವರ್ತನೆಯನ್ನು 80 ಸೆಕೆಂಡಿನ ಅಳತೆಗೆ ಹೊಂದಿಸಿಕೊಂಡರೆ ಇನ್ನೊಂದಕ್ಕೂ ಅದು ಸಾಲುತ್ತದೆ.

ದ್ವಿತೀಯ ಪಿಯುಸಿ ಪುಸ್ತಕದ ಏಳನೆಯ ಅಧ್ಯಾಯ ಅನಿಶ್ಚಿತ ಅನುಕಲದಿಂದ ಶುರುವಾಗಿ, ಆದೇಶ ವಿಧಾನ, ಆಂಶಿಕ ಭಿನ್ನರಾಶಿ, ಭಾಗಶಃ ಅನುಕಲನಗಳನ್ನು ದಾಟಿ, ನಿಶ್ಚಿತ ಅನುಕಲದ ಗುಣಗಳಲ್ಲಿ ಮುಗಿಯುತ್ತದೆ. ತರಗತಿಯಲ್ಲಿ ಇವಕ್ಕೆ ಸಬ್‌ಸ್ಟಿಟ್ಯೂಷನ್, ಪಾರ್ಷಿಯಲ್ ಫ್ರ್ಯಾಕ್ಷನ್, ಬೈ ಪಾರ್ಟ್ಸ್ ಎಂಬ ಹೆಸರುಗಳೇ ಬಳಕೆಯಲ್ಲಿವೆ. ಮೊದಲ ಸಲ ಕಲಿಯುವವರಿಗೆ ಪುಸ್ತಕದ ಕ್ರಮ ಸರಿಯಾದದ್ದು, ಏಕೆಂದರೆ ಅಲ್ಲಿ ಒಂದರ ಸಾಧನೆ ಇನ್ನೊಂದರ ಮೇಲೆ ನಿಂತಿದೆ. ಪುನರಾವರ್ತನೆಗೆ ಮಾತ್ರ ಬೇರೆ ಅಳತೆಗೋಲು ಬೇಕು. ಲೆಕ್ಕ ಎಷ್ಟು ಸಾಲು ಉದ್ದವಾಗಿದೆ ಎಂಬುದರಿಂದ ಅದರ ಕಷ್ಟ ತಿಳಿಯುವುದಿಲ್ಲ. ಮೊದಲ ಸಾಲು ಬರೆಯುವ ಮುನ್ನ ಎಷ್ಟು ದಾರಿಗಳ ನಡುವೆ ಆಯ್ಕೆ ಮಾಡಬೇಕು ಎಂಬುದೇ ಇಲ್ಲಿ ನಿಜವಾದ ಕಷ್ಟ. ಈ ಅಳತೆಯಲ್ಲಿ ನೋಡಿದರೆ, ಪುಸ್ತಕದ ಕೊನೆಯಲ್ಲಿರುವ ನಿಶ್ಚಿತ ಅನುಕಲದ ಗುಣಗಳು ನಡುವಿಗೂ ಮುಂಚೆ ಬರಬೇಕು, ಭಾಗಶಃ ಅನುಕಲನ ಕೊನೆಯ ವಾರಕ್ಕೆ ಸರಿಯಬೇಕು.

ದಿನಕ್ಕೆ ಎರಡು ಗಂಟೆಯಂತೆ ಮೊದಲ ಮೂರು ದಿನ ಸೂತ್ರಗಳಿಗೆ ಮೀಸಲು. ಅವಕಲನದ ಪಟ್ಟಿಯನ್ನು ಬಲದಿಂದ ಎಡಕ್ಕೆ ಓದುವುದು, sin²x ಅನ್ನು (1 − cos 2x)/2 ಎಂದು ಬದಲಿಸಿಕೊಳ್ಳುವುದು, ಇಷ್ಟೇ ಕೆಲಸ. ಇಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ. ನಾಲ್ಕರಿಂದ ಎಂಟನೆಯ ದಿನದವರೆಗೆ ಆದೇಶ ವಿಧಾನ. ಇದರಲ್ಲಿ ಹುಡುಕಬೇಕಾದದ್ದು ಒಂದೇ: ಒಂದು ಫಲನ, ಅದರ ಪಕ್ಕದಲ್ಲೇ ಅದರ ಅವಕಲನ. ಒಂಬತ್ತರಿಂದ ಹನ್ನೊಂದನೆಯ ದಿನದವರೆಗೆ ಅದೇ ಲೆಕ್ಕಗಳಿಗೆ ಮಿತಿಗಳನ್ನು ಹಚ್ಚಿ ಬಿಡಿಸಬೇಕು. ಚರಾಕ್ಷರ ಬದಲಾದ ಸಾಲಿನಲ್ಲೇ ಮಿತಿಗಳನ್ನೂ ಬದಲಿಸುವ ರೂಢಿ ಈ ಮೂರು ದಿನಗಳಲ್ಲಿ ಕೈಗೆ ಹತ್ತಬೇಕು.

ಹನ್ನೆರಡರಿಂದ ಹದಿನಾರನೆಯ ದಿನದವರೆಗಿನದು ಈ ಯೋಜನೆಯ ತಿರುಳು. 0 ಯಿಂದ a ವರೆಗಿನ ಅನುಕಲದಲ್ಲಿ x ಇದ್ದಲ್ಲಿ a − x ಇಟ್ಟರೂ ಬೆಲೆ ಬದಲಾಗುವುದಿಲ್ಲ. ಈ ಒಂದು ಗುಣ ಏನೆಲ್ಲ ಮಾಡಬಲ್ಲದು ಎಂಬುದಕ್ಕೆ ಒಂದು ಲೆಕ್ಕವನ್ನು ಪೂರ್ತಿ ನೋಡಬಹುದು.

I = ∫₀^π x sin x/(1 + cos²x) dx

x ಬದಲು π − x ಇಟ್ಟರೆ sin x ಹಾಗೆಯೇ ಉಳಿಯುತ್ತದೆ, cos²x ಕೂಡ ಹಾಗೆಯೇ. ಬದಲಾಗುವುದು ಮುಂದಿನ x ಮಾತ್ರ. ಎರಡು ರೂಪಗಳನ್ನು ಕೂಡಿಸಿದಾಗ ಆ x ಮಾಯವಾಗುತ್ತದೆ:

2I = π ∫₀^π sin x/(1 + cos²x) dx

ಉಳಿದದ್ದು ಒಂಬತ್ತರಿಂದ ಹನ್ನೊಂದನೆಯ ದಿನದವರೆಗಿನ ಬಗೆಯ ಲೆಕ್ಕ. t = cos x ಎಂದರೆ ಅನುಕಲ π/2 ಆಗುತ್ತದೆ, I = π²/4. ಪುಸ್ತಕದ ಕ್ರಮದಲ್ಲಿ ಬಂದ ವಿದ್ಯಾರ್ಥಿ, x ಜತೆ ಇನ್ನೊಂದು ಫಲನ ಗುಣಿಸಿರುವುದನ್ನು ಕಂಡಕೂಡಲೇ ಭಾಗಶಃ ಅನುಕಲನಕ್ಕೆ ಕೈಹಾಕುತ್ತಾನೆ. ಅದು ತಪ್ಪಲ್ಲ. ಮೊದಲ ಭಾಗದಿಂದಲೇ π²/4 ಬರುತ್ತದೆ, ಜೊತೆಗೆ ∫₀^π tan⁻¹(cos x) dx ಎಂಬ ಬಾಲ ಉಳಿಯುತ್ತದೆ. ಆ ಬಾಲಕ್ಕೆ ಪುಸ್ತಕದಲ್ಲಿ ಸೂತ್ರವಿಲ್ಲ. π − x ಇಟ್ಟಾಗ ಅದರ ಚಿಹ್ನೆ ತಿರುಗುತ್ತದೆ, ಆದ್ದರಿಂದ ಬೆಲೆ ಸೊನ್ನೆ. ಉದ್ದದ ದಾರಿ ಹಿಡಿದವನೂ ಕೊನೆಗೆ ಅದೇ ಗುಣದ ಬಾಗಿಲಿಗೆ ಬರಬೇಕಾಗುತ್ತದೆ. ಗುಣಗಳನ್ನು ಮೊದಲು ಗಟ್ಟಿ ಮಾಡಬೇಕೆನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಡ.

ಇದೇ ದಿನಗಳಲ್ಲಿ ಸದ್ದಿಲ್ಲದೆ ನುಸುಳುವ ತಪ್ಪೊಂದಿದೆ. ∫₀^π dx/(1 + sin²x) ಬಿಡಿಸಲು cos²x ನಿಂದ ಭಾಗಿಸಿ t = tan x ಎಂದಿಟ್ಟರೆ, tan 0 ಮತ್ತು tan π ಎರಡೂ ಸೊನ್ನೆ. ಕೆಳಮಿತಿ, ಮೇಲ್ಮಿತಿ ಒಂದೇ ಆಗಿ ಉತ್ತರ ಸೊನ್ನೆ ಬರುತ್ತದೆ. ಬೀಜಗಣಿತದಲ್ಲಿ ಎಲ್ಲಿಯೂ ದೋಷ ಕಾಣುವುದಿಲ್ಲ. ಆದರೆ ಅನುಕಲಿಸುತ್ತಿರುವ ಫಲನದ ಬೆಲೆ ಎಲ್ಲ ಕಡೆಯೂ 1/2 ಮತ್ತು 1 ರ ನಡುವೆ ಇದೆ. ಹಾಗಿದ್ದ ಮೇಲೆ ಉತ್ತರ π/2 ಮತ್ತು π ನಡುವೆ, ಅಂದರೆ 1.57 ಹಾಗೂ 3.14 ರ ಒಳಗೆ ಇರಲೇಬೇಕು. ದೋಷ ಇರುವುದು π/2 ರಲ್ಲಿ: ಅಲ್ಲಿ tan x ಗೆ ಬೆಲೆಯೇ ಇಲ್ಲ, ಆ ಬಿಂದುವನ್ನು ದಾಟಿ ಆದೇಶ ಮಾಡುವಂತಿಲ್ಲ. ಮೊದಲು ಗುಣ ಬಳಸಿ ಅನುಕಲವನ್ನು 0 ಯಿಂದ π/2 ವರೆಗಿನದರ ಎರಡರಷ್ಟು ಎಂದು ಬರೆದುಕೊಂಡರೆ 2∫₀^∞ dt/(1 + 2t²) ಸಿಗುತ್ತದೆ, ಉತ್ತರ π/√2, ಸುಮಾರು 2.22. ಹೀಗೆ ಮೇಲಿನ ಮತ್ತು ಕೆಳಗಿನ ಅಂದಾಜು ಹಾಕಲು ಹತ್ತು ಸೆಕೆಂಡು ಸಾಕು. ಎಷ್ಟೋ ಸಲ ನಾಲ್ಕು ಆಯ್ಕೆಗಳಲ್ಲಿ ಎರಡು ಅಲ್ಲಿಗೇ ಬಿದ್ದುಹೋಗುತ್ತವೆ.

ಹದಿನೇಳರಿಂದ ಹತ್ತೊಂಬತ್ತನೆಯ ದಿನ ಛೇದದಲ್ಲಿ ವರ್ಗಪದವಿರುವ ಲೆಕ್ಕಗಳಿಗೆ, ಮುಂದಿನ ಮೂರು ದಿನ ಆಂಶಿಕ ಭಿನ್ನರಾಶಿಗೆ. ಇವೆರಡನ್ನೂ ಬೆನ್ನಿಗೆ ಬೆನ್ನು ಇಡುವುದಕ್ಕೆ ಕಾರಣವಿದೆ: ಛೇದ ಅಪವರ್ತನಗೊಂಡರೆ ಭಿನ್ನರಾಶಿ, ಗೊಳ್ಳದಿದ್ದರೆ ವರ್ಗಪೂರ್ಣ. ಭಿನ್ನರಾಶಿಯಲ್ಲಿ ಕೈ ಓಡಿದ ಮೇಲೆ ಎಲ್ಲಕ್ಕೂ A, B ಹುಡುಕುವ ಚಟ ಬರುತ್ತದೆ. ∫ dx/(x(x⁵ + 1)) ನಂಥದ್ದಕ್ಕೆ ಅಂಶ, ಛೇದಗಳನ್ನು x⁴ ನಿಂದ ಗುಣಿಸಿ t = x⁵ ಎಂದರೆ ಎರಡೇ ಸಾಲಿನ ಕೆಲಸ.

ಇಪ್ಪತ್ತಮೂರರಿಂದ ಇಪ್ಪತ್ತಾರನೆಯ ದಿನ ಭಾಗಶಃ ಅನುಕಲನಕ್ಕೆ. ಯಾವುದನ್ನು ಮೊದಲ ಫಲನವೆಂದು ಹಿಡಿಯಬೇಕು ಎಂಬಲ್ಲೇ ಇಲ್ಲಿ ದಾರಿ ಕವಲೊಡೆಯುತ್ತದೆ, ತಪ್ಪು ಹಿಡಿದರೆ ಲೆಕ್ಕ ಬೆಳೆಯುತ್ತಲೇ ಹೋಗುತ್ತದೆ. ಮೊದಲ ದಿನವನ್ನು eˣ[f(x) + f′(x)] ರೂಪಕ್ಕೆ ಕೊಡಬೇಕು. eˣ(1/x − 1/x²) ಕಂಡೊಡನೆ eˣ/x ಎನ್ನುವಷ್ಟು ಅದು ಪಳಗಬೇಕು. ಇಪ್ಪತ್ತೇಳನೆಯ ದಿನ ಕ್ಷೇತ್ರಫಲಕ್ಕೆ. ಎನ್‌ಸಿಇಆರ್‌ಟಿ ಪುಸ್ತಕದ ಈಗಿನ ಆವೃತ್ತಿಯಲ್ಲಿ ಎರಡು ವಕ್ರರೇಖೆಗಳ ನಡುವಿನ ಕ್ಷೇತ್ರಫಲ ಇಲ್ಲ, ಹಳೆಯ ಗೈಡುಗಳಲ್ಲಿದೆ. 2024ರ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳು ಬಂದು, ಎಲ್ಲ ವಿಷಯಗಳಿಂದ ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಕೈಬಿಟ್ಟ ಭಾಗಗಳನ್ನು ಮೊದಲ ದಿನವೇ ಗೆರೆ ಹೊಡೆದು ಬೇರೆ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ನಾಲ್ಕನೆಯ ದಿನದಿಂದಲೇ, ಮೂರು ದಿನ ಹಿಂದೆ ತಪ್ಪಿದ ಮೂರು ಲೆಕ್ಕಗಳನ್ನು ಉತ್ತರ ನೋಡದೆ ಮತ್ತೆ ಬಿಡಿಸಬೇಕು. ತಪ್ಪಿನ ವಹಿಯಲ್ಲಿ ಉತ್ತರ ಬರೆಯುವುದು ಬೇಡ, ಯಾವ ವಿಧಾನ ಹಿಡಿದದ್ದು, ಯಾವುದು ಹಿಡಿಯಬೇಕಿತ್ತು ಎಂಬ ಒಂದು ಸಾಲು ಸಾಕು. ಕೊನೆಯ ಮೂರು ದಿನ ಎಲ್ಲ ವಿಧಗಳನ್ನೂ ಕಲಸಿ ಇಪ್ಪತ್ತು ಲೆಕ್ಕಗಳ ಹಾಳೆ ಮಾಡಿಕೊಳ್ಳಬೇಕು. ಮೊದಲು ಪೆನ್ನು ಕೆಳಗಿಟ್ಟು, ಪ್ರತಿಯೊಂದರ ಮುಂದೆ ವಿಧಾನದ ಹೆಸರನ್ನಷ್ಟೇ ಹೇಳಿಕೊಳ್ಳುತ್ತ ಹೋಗಬೇಕು, ಒಂದಕ್ಕೆ ಹದಿನೈದು ಸೆಕೆಂಡು. ಹೆಸರು ಹೊಳೆಯದವು ಯಾವ ವಿಧಕ್ಕೆ ಸೇರುತ್ತವೋ ಆ ವಿಧದ ದಿನಗಳ ವಹಿ ಸಂಜೆ ತೆರೆಯಬೇಕು. ಹೆಸರಿಸಿ ಮುಗಿದೊಡನೆ ಹಾಳೆಯನ್ನು ಗಡಿಯಾರವಿಟ್ಟು ಬಿಡಿಸಬೇಕು: ಹೆಸರು ಹೊಳೆದವು ಮೊದಲ ಸುತ್ತಿನಲ್ಲಿ, ಉಳಿದವು ಎರಡನೆಯ ಸುತ್ತಿನಲ್ಲಿ. ಆಗಲೂ ಬಗೆಹರಿಯದ ಅನಿಶ್ಚಿತ ಅನುಕಲಕ್ಕೆ ಆಯ್ಕೆಗಳನ್ನೇ ಅವಕಲಿಸಿ ನೋಡಬಹುದು, ನಿಶ್ಚಿತ ಅನುಕಲಕ್ಕೆ ಅಂದಾಜಿನ ಮಿತಿ ಹಾಕಬಹುದು. ಅಂಕ ಕಳೆಯದ ಪತ್ರಿಕೆಯಲ್ಲಿ ಒಂದೂ ಪ್ರಶ್ನೆಯನ್ನು ಖಾಲಿ ಬಿಡುವ ಕಾರಣವಿಲ್ಲ.