ತಣ್ಣಗಿರು

ಬಸ್ಸಿನಲ್ಲಿ ಮುಂದಿನ ಸೀಟಿನ ಹುಡುಗಿ ಫೋನಿನಲ್ಲಿ ಹೇಳುತ್ತಿದ್ದಳು: ‘ಹ್ಯಾಪಿ ಬರ್ತ್‌ಡೇ ಕಣೇ! ಪುಣೆಯಲ್ಲಿ ಯಾರೂ ಗೊತ್ತಿಲ್ಲ ಅಂತ ಮುಖ ಸಪ್ಪೆ ಮಾಡ್ಕೋಬೇಡ. ಚಿಲ್ ಮಾಡು, ಪಾರ್ಟಿ ಮಾಡು!’ ಪಾರ್ಟಿಗೆ ಜನ ಬೇಕಲ್ಲ. ಒಬ್ಬಳೇ ಇರುವವಳಿಗೆ ಇದು ಮಾಡಲಾಗದ ಕೆಲಸ ಹಚ್ಚಿದ ಹಾಗೆ. ಇನ್ನು ‘ಹಾರ್ದಿಕ ಶುಭಾಶಯಗಳು’ ಸರ್ಕಲ್ಲಿನ ಫ್ಲೆಕ್ಸ್‌ಗಳ ಪಾಲಾಗಿ ಎಷ್ಟೋ ಕಾಲವಾಯಿತು.

ಹಳೇ ಮೈಸೂರು ಕಡೆಯ ಹಿರಿಯರ ಬಾಯಲ್ಲಿ ಇನ್ನೂ ಒಂದು ಮಾತಿದೆ: ‘ತಣ್ಣಗಿರವ್ವ.’ ನಮ್ಮ ಸಂಕಟಗಳೆಲ್ಲ ಬಿಸಿ ಜಾತಿಯವು. ತಲೆಬಿಸಿ, ಹೊಟ್ಟೆಉರಿ, ಬೇಗೆ, ಕುದಿ. ಹಾಗಾಗಿ ಒಳ್ಳೆಯದೆಲ್ಲ ತಂಪಿನ ಕಡೆ ಸೇರಿತು. ಅನ್ನ ಹಾಕಿದವರಿಗೆ ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎನ್ನುತ್ತೇವೆ.

ಆದರೆ ಈ ಹರಕೆ ಹುಟ್ಟಿದ್ದು ಹೊಟ್ಟೆಯಲ್ಲಲ್ಲ, ನೆತ್ತಿಯಲ್ಲಿ ಎಂಬುದು ನನ್ನ ವಾದ. ನಿಘಂಟು ಒಪ್ಪದಿದ್ದರೂ ನಾನು ಬಿಡುವುದಿಲ್ಲ. ಹುಟ್ಟಿದ ದಿನ ಬೆಳಗ್ಗೆ ಅಜ್ಜಿ ಮಣೆಯ ಮೇಲೆ ಕೂರಿಸುತ್ತಿದ್ದಳು. ಬೆಚ್ಚಗೆ ಮಾಡಿದ ಹರಳೆಣ್ಣೆಯನ್ನು ಅಂಗೈಯಲ್ಲಿ ಹಿಡಿದು ನಡುನೆತ್ತಿಗೆ ಒತ್ತಿ, ತಟತಟ ತಟ್ಟಿ, ‘ತಣ್ಣಗಿರು, ನೂರು ವರ್ಷ ಬಾಳು’ ಎನ್ನುತ್ತಿದ್ದಳು. ಎಣ್ಣೆ ಹಣೆಗೆ ಇಳಿದು ಕಣ್ಣು ಉರಿಯುತ್ತಿತ್ತು. ಕೈ ಮಾತ್ರ ನೆತ್ತಿ ಬಿಡುತ್ತಿರಲಿಲ್ಲ. ಆಮೇಲೆ ಸೀಗೆಪುಡಿ, ಹಂಡೆಯ ನೀರು, ಆರತಿ, ಶಾವಿಗೆ ಪಾಯಸ. ಆಗ ಆ ದಿನವನ್ನು ಮನೆಯಲ್ಲಿ ‘ವರ್ಧಂತಿ’ ಎನ್ನುತ್ತಿದ್ದರು. ಆಷಾಢದಲ್ಲಿ ಚಾಮುಂಡಿಬೆಟ್ಟದ ತಾಯಿಯ ಹುಟ್ಟುದಿನಕ್ಕೆ ಅದೇ ಹೆಸರು ಇಂದಿಗೂ ಉಳಿದಿದೆ. ಕೇಕು, ಮೇಣದಬತ್ತಿ ಕೊಂಡು ತಂದರೆ ಒಬ್ಬರೇ ಇದ್ದರೂ ಸಿಗುತ್ತವೆ. ತನ್ನ ನೆತ್ತಿಗೆ ತಾನೇ ಎಣ್ಣೆ ಒತ್ತಿಕೊಂಡು ಹರಸಿಕೊಳ್ಳುವುದು ಮಾತ್ರ ಆಗದು. ಹೊಸ ಊರಿನಲ್ಲಿ ಕಾಡುವುದು ಆ ಕೈಯ ಕೊರತೆ.

ದೂರದ ಗೆಳತಿ ಆ ಕೈಯಾಗಬೇಕಾದರೆ ಹೊತ್ತು ನೋಡಬೇಕು. ರಾತ್ರಿ 12ಕ್ಕೆ ಎಲ್ಲರ ಸಂದೇಶಗಳೂ ಒಟ್ಟಿಗೆ ಬಂದು ಬೀಳುತ್ತವೆ. ಬೆಳಗ್ಗೆಯಿಂದ ಆಫೀಸಿನ ಕೆಲಸ. ಕಷ್ಟದ ಹೊತ್ತು ಸಂಜೆ 7ರ ಮೇಲೆ, ರೂಮಿನ ಬೀಗ ತೆಗೆದು ಒಳಗೆ ಬಂದಾಗ. ಫೋನು ಆಗ ಹೋಗಬೇಕು. ‘ಏನು ಸ್ಪೆಷಲ್?’ ಎಂದು ಮಾತ್ರ ಕೇಳಬಾರದು. ‘ಏನೂ ಇಲ್ಲ’ ಎಂದು ಅವಳ ಬಾಯಿಂದಲೇ ಹೇಳಿಸಿದಂತಾಗುತ್ತದೆ. ‘ಪರವಾಗಿಲ್ಲ, ಆರಾಮಿದೀನಿ’ ಎಂದು ಬೇಗ ಬೇಗ ಹೇಳಿದರೆ ಫೋನು ಇಡಬೇಡಿ. ಹೀಗೆ ಹೇಳಿ: ‘ಶಾವಿಗೆ ಇದೆಯಾ? ಹಾಲು ಒಲೆ ಮೇಲಿಡು, ನಾನೂ ಇಲ್ಲಿ ಇಡ್ತೀನಿ. ಕುದಿಯೋವರೆಗೂ ಮಾತಾಡೋಣ. ತಣ್ಣಗಿರು ಕಣೇ.’