ಪ್ರಸಂಗ ಯಾರದು: ಪರಿಶೀಲಕರ ವರದಿ ಮಾತು ಕಲಿತ ಬಗೆ

ಯಕ್ಷಗಾನ ಪ್ರಸಂಗ ಯಾರು ಬರೆದದ್ದು ಎಂಬ ಜಗಳ ಕರಾವಳಿಗೆ ಹಳೆಯದು. ಮುಳಿಯ ತಿಮ್ಮಪ್ಪಯ್ಯನವರು 1945ರಲ್ಲಿ ಪಾರ್ತಿಸುಬ್ಬನ ಮೇಲೆ ಪುಸ್ತಕ ಬರೆದು ರಾಮಾಯಣ ಪ್ರಸಂಗಗಳನ್ನು ಕುಂಬಳೆಯ ಕವಿಗೆ ಸಲ್ಲಿಸಿದರು. ಕೋಟದ ಶಿವರಾಮ ಕಾರಂತರು ‘ಯಕ್ಷಗಾನ ಬಯಲಾಟ’ದಲ್ಲಿ ಅದನ್ನು ಪ್ರಶ್ನಿಸಿದರು. ಕುಕ್ಕಿಲ ಕೃಷ್ಣ ಭಟ್ಟರು ಪಾರ್ತಿಸುಬ್ಬನ ಪರವಾಗಿ ವಾದಿಸಿದರು. ಮೂವರೂ ಪಂಡಿತರೇ. ಆದರೆ ಅದು ವಾದದ ಕಾಲ. ತನ್ನ ಪಕ್ಷಕ್ಕೆ ಬಲ ತರುವ ಸಾಕ್ಷ್ಯವನ್ನು ಮುಂದಿಡುವುದೇ ಬರೆಯುವವನ ಕೆಲಸವಾಗಿತ್ತು.

ಇಂಥ ಜಗಳದಲ್ಲಿ ಎರಡೂ ಪಠ್ಯಗಳನ್ನು ಹೋಲಿಸಿ ನೋಡುವ ಪರಿಶೀಲಕರು ಬರೆಯಬೇಕಾದದ್ದು ವಾದವನ್ನಲ್ಲ, ವರದಿಯನ್ನು. ಎರಡಕ್ಕೂ ಇರುವ ಅಂತರ ಸಾಕ್ಷ್ಯವನ್ನು ಬಳಸುವ ಕ್ರಮದಲ್ಲಿ ಕಾಣುತ್ತದೆ. ಪದ್ಯದಲ್ಲಿ ಕಣ್ವಪುರದ ಕೃಷ್ಣನ ಹೆಸರು ಬಂದರೆ ಕವಿ ಕುಂಬಳೆಯವನು ಎನ್ನಬಹುದು. ಪ್ರತಿ ಮಾಡಿದವನೋ ಹಾಡಿದ ಭಾಗವತನೋ ತನ್ನೂರಿನ ದೇವರನ್ನು ಅಲ್ಲಿ ಸೇರಿಸಿರಲೂಬಹುದು. ವಾದ ಮಾಡುವವನಿಗೆ ಮೊದಲ ಸಾಧ್ಯತೆ ಸಾಕು. ವರದಿ ಬರೆಯುವವನು ಎರಡನ್ನೂ ಬರೆಯಬೇಕು. ಅಜಪುರದ, ಎಂದರೆ ಬ್ರಹ್ಮಾವರದ, ವಿಷ್ಣುವಿನ ‘ವಿರಾಟಪರ್ವ’ಕ್ಕೆ 1564 ಎಂಬ ವರ್ಷವನ್ನು ಹೇಳುವುದುಂಟು. ಅಂಥ ಯಾವುದೇ ವರ್ಷ ಕಂಡಾಗ ಅದು ರಚನೆಯದೋ ಪ್ರತಿಯದೋ ಎಂದು ಕೇಳುವುದು ಪರಿಶೀಲಕರ ಮೊದಲ ಕೆಲಸ.

ಪಕ್ಷ ಹಿಡಿದ ವರದಿ ಎಷ್ಟು ಕೆಡುಕು ಮಾಡಬಲ್ಲದು ಎಂಬುದನ್ನು ಜಗತ್ತು ಕಂಡದ್ದು ಫ್ರಾನ್ಸಿನ ಡ್ರೇಫಸ್ ಪ್ರಕರಣದಲ್ಲಿ. ಸೇನೆಯ ಗುಟ್ಟು ಮಾರುವ ಒಂದು ಪತ್ರದ ಕೈಬರಹ ಸೇನಾಧಿಕಾರಿ ಡ್ರೇಫಸ್‌ನದೇ ಎಂದು 1894ರಲ್ಲಿ ಪ್ಯಾರಿಸ್ ಪೊಲೀಸರ ಬೆರ್ಟಿಯೋಂ ಲೆಕ್ಕ ಹಾಕಿ ಹೇಳಿದ. 1904ರಲ್ಲಿ ಗಣಿತಜ್ಞ ಪ್ವಾಂಕರೆ ಮತ್ತು ಸಂಗಡಿಗರು ಆ ಲೆಕ್ಕಾಚಾರದ ಬುಡವನ್ನೇ ತೆಗೆದುಹಾಕಿದರು. ಈಗ ಯುರೋಪಿನ ವಿಧಿವಿಜ್ಞಾನ ಸಂಸ್ಥೆಗಳ ಜಾಲದ 2015ರ ಮಾರ್ಗಸೂಚಿಯಲ್ಲಿ, ಕಂಡ ಸಂಗತಿಯನ್ನು ಕನಿಷ್ಠ ಎರಡು ಎದುರುಬದುರು ವಿವರಣೆಗಳ ಎದುರು ತೂಗಬೇಕೆಂಬುದೇ ತಿರುಳು. ನಮ್ಮ ವಿಶ್ವವಿದ್ಯಾಲಯಗಳು ಅನುಸರಿಸುವ ಯುಜಿಸಿಯ 2018ರ ಕೃತಿಚೌರ್ಯದ ನಿಯಮ ಹೋಲಿಕೆಯನ್ನು ಶೇಕಡಾವಾರು ಅಳೆಯುತ್ತದೆ; ಶೇ. 10ರವರೆಗೆ ದಂಡವಿಲ್ಲ. ಪ್ರಸಂಗ ಸಾಹಿತ್ಯಕ್ಕೆ ಈ ಅಳತೆ ಒಗ್ಗದು ಎಂಬುದು ನನ್ನ ಅಭಿಪ್ರಾಯ. ಒಂದೇ ಭಾರತಕಥೆ, ಅವೇ ಸ್ತುತಿಗಳು, ಅವೇ ಸಂಬೋಧನೆಗಳು ಎಲ್ಲರಲ್ಲೂ ಇರುತ್ತವೆ.

ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಕುಂದಾಪುರದ ಕಡೆಯ ಒಂದು ಮನೆಯಲ್ಲಿ ಅಜ್ಜನ ಕೈಬರಹದ ಪ್ರಸಂಗದ ಪುಸ್ತಕವಿದೆ. 1930ರಲ್ಲಿ ಅಚ್ಚಾದ ಪ್ರಸಂಗ ಅದನ್ನೇ ಕದ್ದದ್ದು ಎಂದು ಮೊಮ್ಮಕ್ಕಳ ದೂರು. ಕೈಬರಹದ ಕೊನೆಯಲ್ಲಿ ‘ವಿಕಾರಿ ಸಂವತ್ಸರ’ ಎಂದಷ್ಟೇ ಇದೆ, ಶಕವರ್ಷವಿಲ್ಲ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. ವಿಕಾರಿ 1899–1900 ಆಗಿದ್ದರೆ ಕೈಬರಹ ಅಚ್ಚಿಗಿಂತ ಹಿಂದಿನದು. 1959–60 ಆಗಿದ್ದರೆ ಅಚ್ಚನ್ನೇ ನೋಡಿ ಬರೆದಿರಬಹುದು. ತಿಂಗಳು, ತಿಥಿ, ವಾರ ಮೂರೂ ಬರೆದಿದ್ದರೆ ಹಳೆಯ ಪಂಚಾಂಗದೊಂದಿಗೆ ತಾಳೆ ನೋಡಿ ಒಂದನ್ನು ಕೈಬಿಡಬಹುದು. ಎರಡೂ ವರ್ಷಕ್ಕೆ ಹೊಂದಿಕೆಯಾಗುವುದೂ ಉಂಟು. ಬಾಲ್‌ಪೆನ್ನಿನ ಬರಹವಾದರೆ 1899 ಅಲ್ಲವೇ ಅಲ್ಲ. ಆದರೆ ಶಾಯಿಯ ಬರಹವೆಂದ ಮಾತ್ರಕ್ಕೆ ಹಳೆಯದು ಎನ್ನಲಾಗದು. 1959ರಲ್ಲೂ ಶಾಯಿಯಲ್ಲೇ ಬರೆಯುವವರಿದ್ದರು.

ಮುಂದೆ ಪದ್ಯಗಳನ್ನು ಜೋಡಿಯಾಗಿ ಓದಬೇಕು. ಎರಡರಲ್ಲೂ ಸರಿಯಾಗಿರುವ ಪದ್ಯಕ್ಕಿಂತ ಎರಡರಲ್ಲೂ ಒಂದೇ ಕಡೆ ಒಂದೇ ರೀತಿ ತಪ್ಪಿರುವ ಪದ್ಯ ಹೆಚ್ಚು ಹೇಳುತ್ತದೆ. ಬಿಟ್ಟುಹೋದ ಪಾದವೋ ಅರ್ಥವಾಗದ ಪದವೋ ಇಬ್ಬರಿಗೂ ತನ್ನಿಂದ ತಾನೇ ಬರುವುದು ಅಪರೂಪ. ಅದು ಸಂಬಂಧವನ್ನು ತೋರಿಸುತ್ತದೆಯೇ ಹೊರತು ದಿಕ್ಕನ್ನಲ್ಲ. ಎರಡೂ ಮೂರನೆಯ ಪ್ರತಿಯೊಂದರಿಂದ ಬಂದಿರಬಹುದು. ಒಂದರಲ್ಲಿ ಆದಿಪ್ರಾಸ ಸರಿಯಿದ್ದು ಇನ್ನೊಂದರಲ್ಲಿ ಮುರಿದಿದ್ದರೆ ಮುರಿದದ್ದು ಈಚಿನದು ಎನ್ನುವ ಆಸೆಯಾಗುತ್ತದೆ. ಆದರೆ ಛಂದಸ್ಸು ಬಲ್ಲ ಭಾಗವತ ಮುರಿದುದನ್ನು ರಿಪೇರಿ ಮಾಡಿರಲೂಬಹುದು.

ವರದಿಯಲ್ಲಿ ‘ಕದ್ದಿದ್ದಾರೆ’ ಎಂಬ ಮಾತು ಬಾರದು. ಅದು ಮನಸ್ಸಿನ ಉದ್ದೇಶದ ಮಾತು, ಹಾಳೆಯಲ್ಲಿ ಕಾಣುವುದಲ್ಲ. ವಾಕ್ಯಕ್ಕೆ ಮನುಷ್ಯರ ಬದಲು ಪ್ರತಿಗಳೇ ಕರ್ತೃವಾಗಲಿ. ನಾನಾದರೆ ಹೀಗೆ ಬರೆಯುತ್ತೇನೆ:

‘ಕೈಬರಹದ ಮೊಬೈಲ್ ಚಿತ್ರಗಳನ್ನಷ್ಟೇ ನೋಡಿದ್ದೇನೆ, ಮೂಲವನ್ನಲ್ಲ. ಎರಡು ಪಠ್ಯಗಳಿಗೂ ಸಂಬಂಧವಿದೆ ಎಂಬುದಕ್ಕೆ ಹಂಚಿಕೊಂಡ ತಪ್ಪುಗಳು ಬಲವಾದ ಆಧಾರ. ಯಾವುದು ಮೊದಲು ಎಂಬುದನ್ನು ಈ ಸಾಮಗ್ರಿಯಿಂದ ನಿರ್ಧರಿಸಲಾಗದು. ವಾರ-ತಿಥಿಯಿರುವ ಹಾಳೆ ಅಥವಾ 1930ಕ್ಕಿಂತ ಹಿಂದಿನ ಇನ್ನೊಂದು ಪ್ರತಿ ಸಿಕ್ಕರೆ ಅಭಿಪ್ರಾಯ ಬದಲಾಗಬಹುದು.’

‘ಇರಬಹುದು’, ‘ಹೆಚ್ಚು ಸಂಭವ’, ‘ಬಲವಾದ ಆಧಾರ’ ಇವು ಯಾವ ಕ್ರಮದ ಮೆಟ್ಟಿಲುಗಳೆಂದು ವರದಿಯ ಮೊದಲಲ್ಲೇ ಹೇಳಿರಬೇಕು. ಇಲ್ಲದಿದ್ದರೆ ಓದಿದವರು ತಮಗೆ ಬೇಕಾದಷ್ಟು ಎತ್ತರಕ್ಕೆ ಏರಿಸಿಕೊಳ್ಳುತ್ತಾರೆ.

ಹಕ್ಕಿನ ಪ್ರಶ್ನೆ ಬೇರೆ. ಭಾರತದಲ್ಲಿ ಸಾಹಿತ್ಯ ಕೃತಿಯ ಕಾಪಿರೈಟ್ ಸಾಮಾನ್ಯವಾಗಿ ಲೇಖಕ ತೀರಿಕೊಂಡ ಮರುವರ್ಷದಿಂದ 60 ವರ್ಷ. ಅಜ್ಜ ಯಾವಾಗ ತೀರಿಕೊಂಡರು, ಅಚ್ಚು ಹಾಕಿಸಿದವರಿಗೆ ಅನುಮತಿ ಬೇಕಿತ್ತೇ ಎಂಬುದನ್ನು ವಕೀಲರು ನೋಡಿಕೊಳ್ಳಲಿ. ಅದಕ್ಕೆ ವರದಿಯಲ್ಲಿ ಒಂದು ಸಾಲೂ ಬೇಡ.