ಮಣಿಸರದ ಎಣಿಕೆ ಮತ್ತು ಬರ್ನ್‌ಸೈಡ್ ಹೆಸರಿನ ಉಪಪ್ರಮೇಯ

ಹವಳ ಮತ್ತು ಮುತ್ತು ಎಂಬ ಎರಡೇ ಬಗೆಯ ಮಣಿಗಳಿಂದ ಆರು ಮಣಿಗಳ ಸರ ಪೋಣಿಸಬೇಕು. ತಿರುಗಿಸಿದಾಗ ಒಂದೇ ಆಗುವ ಸರಗಳನ್ನು ಒಂದೆಂದೇ ಎಣಿಸಿದರೆ ಬೇರೆಬೇರೆ ಸರಗಳೆಷ್ಟು? ಆರು ಸ್ಥಾನಗಳನ್ನು ತುಂಬುವ ಕ್ರಮಗಳು ಒಟ್ಟು 64. ತಿರುಗುಗಳು ಆರು ಇರುವುದರಿಂದ 64ನ್ನು ಆರರಿಂದ ಭಾಗಿಸಲು ಹೋದರೆ ಪೂರ್ಣಾಂಕವೇ ಸಿಗದು. ಎಲ್ಲ ಸರಗಳಿಗೂ ಆರಾರು ರೂಪಗಳಿಲ್ಲದಿರುವುದೇ ಇದಕ್ಕೆ ಕಾರಣ. ಹವಳ, ಮುತ್ತು ಒಂದಾದ ಮೇಲೊಂದು ಬರುವ ಸರಕ್ಕೆ ಎರಡೇ ರೂಪ. ಬರೀ ಹವಳದ ಸರಕ್ಕೆ ಒಂದೇ.

1872ರಲ್ಲಿ ಫ್ರಾನ್ಸಿನ ಮೊರೋ ಈ ತೊಡಕನ್ನು ನೇರವಾಗಿ ಎದುರಿಸಿದ. ಸರದೊಳಗೆ ವಿನ್ಯಾಸ ಎಷ್ಟು ಮಣಿಗಳಿಗೊಮ್ಮೆ ಮರುಕಳಿಸುತ್ತದೆ ಎಂದು ನೋಡಿ ಬೇರ್ಪಡಿಸುವ ದಾರಿ ಅವನದು. ನಮ್ಮ ಸರದಲ್ಲಿ ಪ್ರತಿ ಮಣಿಗೂ ಮರುಕಳಿಸುವ ಕ್ರಮಗಳು 2, ಎರಡಕ್ಕೊಮ್ಮೆ 2, ಮೂರಕ್ಕೊಮ್ಮೆ 6. ಉಳಿದ 54 ಕ್ರಮಗಳು ಆರು ಮಣಿಗಳಿಗೆ ಮೊದಲು ಮರುಕಳಿಸುವುದೇ ಇಲ್ಲ. ಇವುಗಳಿಂದ ಸಿಗುವ ಸರಗಳು ಕ್ರಮವಾಗಿ 2, 1, 2 ಮತ್ತು 9; ಒಟ್ಟು 14.

ಕಕ್ಷೆಗಳನ್ನು ಎಣಿಸುವ ವಿಧಾನ ಸರವನ್ನು ಬಿಟ್ಟು ತಿರುಗನ್ನು ಕೇಳುತ್ತದೆ: ನೀನು ಎಷ್ಟು ಕ್ರಮಗಳನ್ನು ಇದ್ದಂತೆಯೇ ಉಳಿಸುತ್ತೀಯೆ? ತಿರುಗಿಸದೆ ಬಿಟ್ಟರೆ 64ಕ್ಕೆ 64 ಉಳಿಯುತ್ತವೆ. ಒಂದು ಅಥವಾ ಐದು ಸ್ಥಾನ ತಿರುಗಿಸಿದರೆ ಎರಡೆರಡು, ಎರಡು ಅಥವಾ ನಾಲ್ಕು ಸ್ಥಾನಕ್ಕೆ ನಾಲ್ಕು ನಾಲ್ಕು, ಮೂರು ಸ್ಥಾನಕ್ಕೆ ಎಂಟು. ಕೂಡಿದರೆ 84, ಆರರಿಂದ ಭಾಗಿಸಿದರೆ 14.

ಈ ಭಾಗಾಕಾರ ಏಕೆ ಸರಿ? ಒಂದು ಕಕ್ಷೆ ಎಂದರೆ ಒಂದೇ ಸರದ ಎಲ್ಲ ರೂಪಗಳ ಗುಂಪು. ಒಂದಾದ ಮೇಲೊಂದು ಬರುವ ಸರದ ಎರಡು ರೂಪಗಳನ್ನು ಮೂರು ಮೂರು ತಿರುಗುಗಳು ಕದಲಿಸುವುದಿಲ್ಲ: ಎರಡು ಮೂರಲಿ ಆರು. ಬರೀ ಹವಳದ ಒಂದೇ ರೂಪವನ್ನು ಆರೂ ತಿರುಗುಗಳು ಹಾಗೆಯೇ ಬಿಡುತ್ತವೆ: ಮತ್ತೆ ಆರು. ರೂಪಗಳು ಕಡಿಮೆಯಾದಷ್ಟೂ ಅವನ್ನು ಕದಲಿಸದ ತಿರುಗುಗಳು ಹೆಚ್ಚುತ್ತವೆ. ಹೀಗೆ ಪ್ರತಿ ಕಕ್ಷೆಯೂ ಮೊತ್ತಕ್ಕೆ ಸರಿಯಾಗಿ ಆರನ್ನೇ ಸೇರಿಸುತ್ತದೆ. ಇಡೀ ವಿಷಯದ ತಿರುಳು ಇದೇ ಎಂಬುದು ನನ್ನ ಅಭಿಪ್ರಾಯ.

ಸರವನ್ನು ಮಗುಚಿ ಹಾಕಲೂ ಒಪ್ಪಿದರೆ ಉತ್ತರ 13ಕ್ಕೆ ಇಳಿಯುತ್ತದೆ. ಹವಳ-ಹವಳ-ಮುತ್ತು-ಹವಳ-ಮುತ್ತು-ಮುತ್ತು ಎಂಬ ಸರವೂ ಅದರ ಕನ್ನಡಿ ರೂಪವೂ ಆಗ ಒಂದಾಗುತ್ತವೆ. ಆದ್ದರಿಂದ ಯಾವ ಚಲನೆಗಳಿಗೆ ಒಪ್ಪಿಗೆಯಿದೆ ಎಂಬುದನ್ನು ಎಣಿಕೆಗೆ ಮೊದಲೇ ಹೇಳಿಬಿಡಬೇಕು.

ಕಕ್ಷೆಗಳನ್ನು ಹೀಗೆ ಎಣಿಸುವ ಉಪಪ್ರಮೇಯಕ್ಕೆ ವಿಲಿಯಂ ಬರ್ನ್‌ಸೈಡ್ ಹೆಸರು ಅಂಟಿದ್ದು ತಪ್ಪಾಗಿ. ಎಲ್ಲವೂ ಒಂದೇ ಕಕ್ಷೆಯಲ್ಲಿರುವ ಸಂದರ್ಭಕ್ಕೆ ಕೋಶಿ ಇದನ್ನು 1845ರಲ್ಲೇ ಕಂಡಿದ್ದ. ಫ್ರೊಬೇನಿಯಸ್ 1887ರಲ್ಲಿ ಸಾಮಾನ್ಯ ರೂಪ ಕೊಟ್ಟ. ಬರ್ನ್‌ಸೈಡ್ ತನ್ನ 1897ರ ಗ್ರಂಥದಲ್ಲಿ ಫ್ರೊಬೇನಿಯಸ್‌ಗೆ ಶ್ರೇಯ ಸಲ್ಲಿಸಿದ್ದ, ಆದರೆ 1911ರ ಎರಡನೆಯ ಆವೃತ್ತಿಯಲ್ಲಿ ಆ ಉಲ್ಲೇಖ ಬಿಟ್ಟುಹೋಯಿತು. ಮುಂದಿನವರು ಓದಿದ್ದು ಹೆಚ್ಚಾಗಿ ಈ ಆವೃತ್ತಿಯನ್ನೇ. ಪೀಟರ್ ನ್ಯೂಮನ್ 1979ರ ಲೇಖನದಲ್ಲಿ ಈ ಜಾಡನ್ನು ಬಿಡಿಸಿಟ್ಟ ಮೇಲೂ ಹಳೆಯ ಹೆಸರು ಬಳಕೆಯಲ್ಲಿದೆ. ನಮ್ಮ ಪಠ್ಯಗಳಲ್ಲಾದರೂ ಇದನ್ನು ಕೋಶಿ–ಫ್ರೊಬೇನಿಯಸ್ ಉಪಪ್ರಮೇಯ ಎಂದೇ ಬರೆಯಬೇಕು.